ಕಟ್ಟೆ ರಸ್ತೆಯ ಯಾವ ಕಡೆಗಿತ್ತು

ಅರಸೀಕೆರೆಯ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನು ನಾನು. ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಒಂದೇ ಮಾತು ಹೇಳುತ್ತಿದ್ದೆ: ‘ನೋಡಿದ್ದನ್ನು ಅಲ್ಲೇ ಬರೆದಿಡಿ. ಬರೆದಿಡದ್ದನ್ನು ನೋಡಿಲ್ಲ ಅಂತಲೇ ತಿಳಿಯಿರಿ.’ ವಿಶ್ವವಿದ್ಯಾಲಯದಲ್ಲಿ ಕಲಿತ ಸಂಶಯ ನನಗೆ ಚಟದಂತೆ ಅಂಟಿಕೊಂಡಿತ್ತು. ಮನೆಯಲ್ಲಿ ಯಾರಾದರೂ ಹಳೆಯದೊಂದು ಕತೆ ಹೇಳಿದರೆ ‘ಯಾವ ವರ್ಷ? ಯಾರು ನೋಡಿದ್ದು?’ ಎಂದು ಕೇಳಿ ಕತೆಯ ರುಚಿ ಕೆಡಿಸುತ್ತಿದ್ದೆ. ಆದರೆ ಈ ಸಂಶಯವನ್ನು ನನ್ನ ತಲೆಯೊಳಗಿನ ನೆನಪುಗಳ ಮೇಲೆ ಒಮ್ಮೆಯೂ ಪ್ರಯೋಗಿಸಿರಲಿಲ್ಲ. ಅದು ಗೊತ್ತಾಗಿದ್ದು ಒಂದು ಎಕ್ಸೆಲ್ ಶೀಟಿನ ಒಂದೇ ಒಂದು ಸಾಲಿನಿಂದ.

ನಿವೃತ್ತಿಯ ಮರುವರ್ಷ ಒಂದು ಸಂಸ್ಥೆ ಅರಸೀಕೆರೆ, ಬೇಲೂರು ಮತ್ತು ಹಳೇಬೀಡಿನ ಸುತ್ತಲಿನ ಹಳೆಯ ಕಲ್ಯಾಣಿ, ಕಟ್ಟೆ, ಮೆಟ್ಟಿಲುಬಾವಿಗಳ ಪಟ್ಟಿ ಮಾಡಿಸಲು ಹೊರಟಿತು. ಪ್ರತಿಯೊಂದರ ಬಳಿಗೂ ಹೋಗಿ, ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣದಿಂದ ಅದರ ಅಕ್ಷಾಂಶ ರೇಖಾಂಶ ತೆಗೆದು, ಅಳತೆಯ ಜೊತೆ ಫಾರಂನಲ್ಲಿ ಬರೆಯಬೇಕು. ಯಾವುದರ ಹೂಳು ತೆಗೆಸಬೇಕು, ಯಾವುದನ್ನು ರಿಪೇರಿ ಮಾಡಿಸಬೇಕು ಎಂಬುದು ಆ ಪಟ್ಟಿಯಿಂದಲೇ ನಿರ್ಧಾರವಾಗುತ್ತಿತ್ತು. ಮಾರ್ಗದರ್ಶಕನಾಗಿ ನನ್ನನ್ನು ಹಾಕಿದರು. ಊರೂರು ತಿರುಗುವ ಕೆಲಸಕ್ಕೆ ನಾನು ಹೇಳಿದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಹೆಸರು.

ಆಕೆಗೆ ಆಗ ಮೂವತ್ತೈದರ ಸುಮಾರು. ಅರಸೀಕೆರೆಯ ಬೌದ್ಧ ಮನೆತನ. ತಂದೆ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ದಿನವೂ ಹಳಿಯ ಮೇಲೆ ನಡೆದು ಸಡಿಲವಾದ ಬೋಲ್ಟು ಹುಡುಕುವ ಕೆಲಸ. ‘ನಡಿಯೋದು ನಮ್ಮನೆ ವಿದ್ಯೆ ಸಾರ್’ ಎಂದು ಆಕೆ ನಗುತ್ತಿದ್ದಳು. ನಾಲ್ಕು ತಿಂಗಳು ನಡೆದಳು. ಬಸ್ಸು ಹೋಗುವಲ್ಲಿಗೆ ಬಸ್ಸು, ಆಮೇಲೆ ಆಟೋ, ಆಮೇಲೆ ಕಾಲು. ಮುಳ್ಳು ಸವರಿಕೊಂಡು ಇಳಿದು, ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು, ಸಂಖ್ಯೆ ನಿಲ್ಲುವ ತನಕ ಕಾದು, ಫಾರಂನಲ್ಲಿ ಬರೆದು, ಮತ್ತೊಮ್ಮೆ ತನ್ನ ನೋಟ್‌ಬುಕ್ಕಿನಲ್ಲೂ ಬರೆದುಕೊಳ್ಳುತ್ತಿದ್ದಳು. ಎರಡು ಕಡೆ ಯಾಕೆ ಎಂದು ಒಮ್ಮೆ ಕೇಳಿದ್ದೆ. ‘ನೀವೇ ತಾನೇ ಹೇಳಿದ್ದು ಬರೆದಿಡಿ ಅಂತ. ಫಾರಂ ನಿಮಗೆ, ನೋಟ್‌ಬುಕ್ ನನಗೆ’ ಎಂದಿದ್ದಳು.

ಫಾರಂಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದವನು ಕಾಲೇಜು ಕಚೇರಿಯ ಗುಮಾಸ್ತ. ಬೇಲೂರಿನವನು, ಬಾಯಿ ಜೋರು, ಬೆರಳು ಅದಕ್ಕಿಂತ ಜೋರು. ಕೀಲಿಮಣೆ ನೋಡದೆ ಟೈಪ್ ಮಾಡುತ್ತಿದ್ದ. ಕೆಲವು ಸಲ ಫಾರಂ ಕೂಡ ಸರಿಯಾಗಿ ನೋಡುತ್ತಿರಲಿಲ್ಲ ಎಂದು ನಮಗೆ ಆಮೇಲೆ ತಿಳಿಯಿತು.

ಶೀಟು ಕಳಿಸಿ ಇಪ್ಪತ್ತು ದಿನಕ್ಕೆ ಸಂಸ್ಥೆಯಿಂದ ಪತ್ರ ಬಂತು. ಅದನ್ನು ಮೊದಲು ಓದಿದವನು ನಾನು. ನೂರಕ್ಕೂ ಹೆಚ್ಚು ಸ್ಥಳಗಳು ನಕ್ಷೆಯಲ್ಲಿ ಜಿಲ್ಲೆಯ ಹೊರಗೆ ಬೀಳುತ್ತಿವೆ, ಕೆಲವಂತೂ ದೇಶದಲ್ಲೇ ಇಲ್ಲ, ‘ಸ್ಥಳಕ್ಕೆ ಭೇಟಿ ನೀಡದೆ ಊಹೆಯಿಂದ ನಮೂದಿಸಿರುವಂತೆ ಕಂಡುಬರುತ್ತದೆ’ ಎಂದಿತ್ತು. ಹತ್ತು ದಿನದೊಳಗೆ ಸರಿಯಾದ ವಿವರಣೆ ಬಾರದಿದ್ದರೆ ಇಡೀ ಸಮೀಕ್ಷೆಯನ್ನು ಕೈಬಿಟ್ಟು, ಸಮೀಕ್ಷಕಿಯ ಹೆಸರು ತೆಗೆದು, ಬೇರೆಯವರಿಂದ ಮಾಡಿಸಲಾಗುವುದು ಎಂದೂ ಇತ್ತು.

ಪತ್ರವನ್ನು ಆಕೆಯ ಮನೆಗೆ ನಾನೇ ತೆಗೆದುಕೊಂಡು ಹೋದೆ. ನಡುಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಚೌಕಟ್ಟು ಹಾಕಿಸಿದ ತಂದೆಯ ರೈಲ್ವೆ ಪ್ರಮಾಣಪತ್ರ. ಮೂವತ್ತು ಚಿಲ್ಲರೆ ವರ್ಷ ತಪ್ಪಿಲ್ಲದ ಸೇವೆ ಎಂದು ಬರೆದಿತ್ತು. ಅದರ ಕೆಳಗೆ ಕೂತು ಆಕೆ ಪತ್ರವನ್ನು ಎರಡು ಸಲ ಓದಿದಳು. ಅಳಲಿಲ್ಲ. ‘ಮನೇಲಿ ಕೂತು ಬರೆದವ್ಳೆ ಅಂತಾವ್ರೆ ಅಲ್ವಾ ಸಾರ್?’ ಎಂದಳು. ನಾನು ತಲೆ ಆಡಿಸಿದೆ. ‘ನನ್ನ ಚಪ್ಪಲಿ ತಗಂಡೋಗಿ ತೋರಿಸ್ಬೇಕು ಅವ್ರಿಗೆ. ಮೂರು ಜೊತೆ ಸವೆಸೀನಿ.’

ಮರುದಿನ ಬೆಳಿಗ್ಗೆಯೇ ನಾವು ಮೂವರೂ ಕಾಲೇಜಿನ ಭೂಗೋಳ ಪ್ರಯೋಗಾಲಯದಲ್ಲಿ ಕೂತೆವು. ರಜೆಯ ದಿನಗಳು, ಗೋಡೆಯ ಮೇಲೆ ಹರಿದ ಭೂಪಟ, ನಡುವೆ ಒಂದು ಕಂಪ್ಯೂಟರು. ಗುಮಾಸ್ತನ ಮುಖ ಇಳಿದಿತ್ತು.

‘ಅಕ್ಕ, ಏನಾದ್ರೂ ಆಗಿದ್ರೆ ನನ್ನಿಂದಾನೇ ಆಗಿರುತ್ತೆ. ಬೈದ್ಬಿಡಿ ಒಂದ್ಸಲ, ಆಮೇಲೆ ಕೆಲಸ ಮಾಡಣ’ ಎಂದ.

‘ಬೈಯಾದು ಆಮೇಲೈತೆ, ಮೊದ್ಲು ಶೀಟು ತೆಗಿ’ ಎಂದಳು ಆಕೆ.

ನಾನು ಹಾಕಿದ ಮೊದಲ ನಿಯಮ: ಮೂಲ ಶೀಟನ್ನು ಯಾರೂ ಮುಟ್ಟಬಾರದು. ಅದರ ಒಂದು ಪ್ರತಿ ಮಾಡಿ, ಅದರಲ್ಲೂ ಹಳೆಯ ಸಂಖ್ಯೆಯನ್ನು ಅಳಿಸದೆ, ಪಕ್ಕದಲ್ಲಿ ಹೊಸ ಕಾಲಂ ತೆರೆದು ತಿದ್ದಿದ ಸಂಖ್ಯೆ ಬರೆಯಬೇಕು. ಅದರ ಪಕ್ಕದ ಕಾಲಂನಲ್ಲಿ ಯಾಕೆ ತಿದ್ದಿದೆವು, ಯಾವ ಆಧಾರದ ಮೇಲೆ ಎಂದು ಬರೆಯಬೇಕು. ‘ಕಾರಣ ಬರೆಯೋಕಾಗದಿದ್ದರೆ ತಿದ್ದೋ ಹಾಗಿಲ್ಲ’ ಎಂದೆ. ಈ ಮಾತು ಆಡುವಾಗ ನನ್ನ ದನಿಯಲ್ಲಿ ಮೇಷ್ಟರ ಗತ್ತು ಇತ್ತು. ಇದನ್ನು ನೆನಪಿಟ್ಟುಕೊಳ್ಳಬೇಕು.

ಆಮೇಲೆ ಅಕ್ಷಾಂಶದ ಕಾಲಂ ಅನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಲು ಹೇಳಿದೆ. ಗುಮಾಸ್ತ ಒತ್ತಿದ. ಮೇಲೆ ಎಪ್ಪತ್ತಾರು, ಎಪ್ಪತ್ತಾರು, ಎಪ್ಪತ್ತೈದು ಎಂದು ಮೂವತ್ತೇಳು ಸಾಲು ಬಂದು ನಿಂತವು. ಅವುಗಳ ರೇಖಾಂಶದ ಕಾಲಂನಲ್ಲಿ ಹದಿಮೂರು.

ನಮ್ಮ ಸೀಮೆಯ ಯಾವ ಊರನ್ನು ತೆಗೆದುಕೊಂಡರೂ ಅಕ್ಷಾಂಶ ಹದಿಮೂರು ಚಿಲ್ಲರೆ, ರೇಖಾಂಶ ಎಪ್ಪತ್ತೈದೋ ಎಪ್ಪತ್ತಾರೋ ಚಿಲ್ಲರೆ. ಎರಡೂ ಅದಲುಬದಲಾದರೆ ಸ್ಥಳ ನಾರ್ವೆಗೂ ಉತ್ತರಕ್ಕೆ, ಧ್ರುವದ ಕಡೆಯ ಹಿಮಸಾಗರದಲ್ಲಿ ಬೀಳುತ್ತದೆ. ಇದರಲ್ಲಿ ಒಂದು ಮೋಸವಿದೆ. ಅಕ್ಷಾಂಶ ತೊಂಬತ್ತನ್ನು ದಾಟುವಂತಿಲ್ಲ. ದಾಟಿದರೆ ಕಂಪ್ಯೂಟರೇ ತಪ್ಪು ಎನ್ನುತ್ತದೆ. ಎಪ್ಪತ್ತಾರು ತೊಂಬತ್ತರ ಒಳಗೇ ಇರುವುದರಿಂದ ಅದು ಸುಮ್ಮನೆ ಒಪ್ಪಿಕೊಂಡು ನಮ್ಮ ಕಲ್ಯಾಣಿಯನ್ನು ಸಮುದ್ರಕ್ಕೆ ಹಾಕಿತ್ತು. ಭೂಮಿಯ ಮೇಲೆ ಇರಬಹುದಾದ ಸಂಖ್ಯೆಯೇ ಎಂದು ಕೇಳಿದರೆ ಸಾಲದು, ನಮ್ಮ ತಾಲ್ಲೂಕಿನಲ್ಲಿ ಇರಬಹುದಾದ ಸಂಖ್ಯೆಯೇ ಎಂದು ಕೇಳಬೇಕು.

‘ಏನಪ್ಪಾ, ನಾನು ಹಳೇಬೀಡಲ್ಲಿ ಇಳಿದಿದ್ರೆ ನೀನು ನನ್ನ ನಾರ್ವೆಗೆ ಕಳಿಸೀಯಲ್ಲ. ಒಂದು ಸ್ವೆಟ್ರಾದ್ರೂ ಕೊಡಿಸ್ಬಾರ್ದಿತ್ತಾ?’ ಎಂದಳು ಆಕೆ. ಪತ್ರ ಬಂದ ಮೇಲೆ ಅದು ಆಕೆಯ ಮೊದಲ ನಗು.

ಕಾರಣವೂ ಸಿಕ್ಕಿತು. ಹಳೇಬೀಡಿನಲ್ಲಿ ಇದ್ದಾಗ ಫಾರಂ ಮುಗಿದು, ಇನ್ನೊಂದು ಸಮೀಕ್ಷೆಯ ಖಾಲಿ ಫಾರಂ ಒಂದನ್ನು ಆಕೆ ಜೆರಾಕ್ಸ್ ಮಾಡಿಸಿಕೊಂಡಿದ್ದಳು. ಅದರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಆಕೆ ತಲೆಬರಹ ನೋಡಿ ಸರಿಯಾಗಿಯೇ ತುಂಬಿದ್ದಳು. ಗುಮಾಸ್ತ ತಲೆಬರಹ ನೋಡದೆ ಮೊದಲಿದ್ದದ್ದನ್ನು ಮೊದಲು ಹೊಡೆದಿದ್ದ. ಎರಡು ಬಗೆಯ ಫಾರಂಗಳು ಕಟ್ಟಿನಲ್ಲಿ ಕಲಸಿಹೋಗಿದ್ದರಿಂದ ಅದಲುಬದಲಾದ ಸಾಲುಗಳು ಅಲ್ಲಲ್ಲಿ ಚೆದುರಿದ್ದವು. ಕಾಲಂಗಳ ಹೆಸರು ಬದಲಿಸಿದರೆ ಮುಗಿಯಿತು ಎನ್ನುವಂತಿರಲಿಲ್ಲ. ಹಾಗೆ ಮಾಡಿದ್ದರೆ ಸರಿ ಇದ್ದವೆಲ್ಲ ಸಮುದ್ರ ಸೇರುತ್ತಿದ್ದವು. ಆದ್ದರಿಂದ ಸೂತ್ರ ಬರೆದೆವು: ಅಕ್ಷಾಂಶ ರೇಖಾಂಶಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಎರಡನ್ನೂ ಹೊಸ ಕಾಲಂಗಳಲ್ಲಿ ಅದಲುಬದಲು ಮಾಡು, ಇಲ್ಲದಿದ್ದರೆ ಇದ್ದಂತೆ ಬಿಡು. ಮೂವತ್ತೇಳೂ ಮರಳಿ ನಾಡಿಗೆ ಬಂದವು.

ಅದೇ ದಿನ ಇನ್ನೊಂದಿಷ್ಟು ಚಿಕ್ಕಪುಟ್ಟವು ಸಿಕ್ಕವು. ಎಕ್ಸೆಲ್‌ನಲ್ಲಿ ಸಂಖ್ಯೆಗಳು ತಾವಾಗಿ ಬಲಕ್ಕೆ ಸರಿದು ನಿಲ್ಲುತ್ತವೆ, ಅಕ್ಷರಗಳು ಎಡಕ್ಕೆ. ಕೆಲವು ಸಂಖ್ಯೆಗಳು ಎಡಕ್ಕೆ ಅಂಟಿಕೊಂಡಿದ್ದವು. ನೋಡಿದರೆ ಒಂದರಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ, ಎರಡರಲ್ಲಿ ಚುಕ್ಕೆಯ ಬದಲು ಅಲ್ಪವಿರಾಮ. ಅವನ್ನು ಕಂಪ್ಯೂಟರು ಸಂಖ್ಯೆಯೆಂದೇ ಎಣಿಸದೆ ನಕ್ಷೆಯಿಂದ ಬಿಟ್ಟುಬಿಟ್ಟಿತ್ತು.

ಎರಡನೆಯ ದಿನ ಬೇಲೂರಿನದು. ಈಗ ಎಲ್ಲ ಸ್ಥಳಗಳೂ ಕರ್ನಾಟಕದೊಳಗೇ ಇದ್ದವು. ನಕ್ಷೆಯ ಮೇಲೆ ಹರಡಿ ನೋಡಿದಾಗ ಬೇಲೂರಿನ ಸುತ್ತ ಬರಿದಾಗಿತ್ತು. ದೂರ ಪೂರ್ವದಲ್ಲಿ, ಗುಬ್ಬಿ ಕುಣಿಗಲ್ ನಡುವೆ, ಇರಬಾರದ ಕಡೆ ಒಂದು ಗುಂಪು ಕೂತಿತ್ತು.

ನಾನು ಇನ್ನೂ ಕನ್ನಡಕ ಒರೆಸುತ್ತಿದ್ದೆ. ಆಕೆ ಎದ್ದು ಪರದೆಯ ಹತ್ತಿರ ಹೋದಳು. ‘ಸಾರ್, ಈ ಗುಂಪಿನ ಆಕಾರ ನೋಡಿ. ಯಗಚಿ ಹೊಳೆ ಬಳಸ್ಕಂಡು ನಾನು ನಡೆದ ದಾರಿನೇ ಇದು. ಹಂಗೇ ಎತ್ತಿ ಆಕಡೆ ಇಟ್ಟಂಗೈತೆ.’

ನಿಜ. ಸರಿಯಾಗಿ ಒಂದು ಡಿಗ್ರಿ ಪೂರ್ವಕ್ಕೆ, ಅಂದರೆ ನಮ್ಮ ಕಡೆ ನೂರೆಂಟು ಕಿಲೋಮೀಟರ್. ಎಪ್ಪತ್ತಾರು ಡಿಗ್ರಿಯ ರೇಖೆ ಹಳೇಬೀಡಿನ ಪಕ್ಕದಲ್ಲೇ ಹಾದುಹೋಗುತ್ತದೆ. ದೇವಸ್ಥಾನದಿಂದ ಅರ್ಧ ಕಿಲೋಮೀಟರಿನಷ್ಟು ಪೂರ್ವಕ್ಕೆ ನಡೆದರೆ ಅದನ್ನು ದಾಟುತ್ತೇವೆ. ಆ ಗೆರೆಯ ಈಚೆ ಅರಸೀಕೆರೆ ಕಡೆಯದೆಲ್ಲ ಎಪ್ಪತ್ತಾರು, ಆಚೆ ಬೇಲೂರು ಕಡೆಯದೆಲ್ಲ ಎಪ್ಪತ್ತೈದು. ಗುಮಾಸ್ತ ಬೇಗ ಮುಗಿಯಲೆಂದು ಬೇಲೂರು ಕಡೆಯ ಫಾರಂಗಳಿಗೆ ರೇಖಾಂಶದ ಕಾಲಂ ತುಂಬ ಎಪ್ಪತ್ತಾರು ಮತ್ತು ಚುಕ್ಕೆಯನ್ನು ಮೊದಲೇ ತುಂಬಿಟ್ಟುಕೊಂಡು, ಮುಂದಿನ ಅಂಕಿಗಳನ್ನಷ್ಟೇ ಹೊಡೆದಿದ್ದ.

‘ಬೇಲೂರ್ನೋನಾಗಿ ಬೇಲೂರನ್ನೇ ಗುಬ್ಬಿಗೆ ಸಾಗಿಸ್ದಲ್ಲೋ!’ ಎಂದು ಆಕೆ ಹೇಳಿದ್ದಕ್ಕೆ ಅವನು, ‘ಅಕ್ಕ, ನಮ್ಮೂರಲ್ಲಿ ಯಾರ್ಗೂ ಹೇಳ್ಬೇಡಿ, ಸೇರಿಸಲ್ಲ ನನ್ನ’ ಎಂದು ಕೈ ಮುಗಿದ.

ಎಲ್ಲ ಎಪ್ಪತ್ತಾರನ್ನೂ ಎಪ್ಪತ್ತೈದು ಮಾಡಿಬಿಡೋಣ ಎಂದು ಅವನು ಬೆರಳು ಎತ್ತಿದ. ಆಕೆಯೇ ತಡೆದಳು. ಹಳೇಬೀಡಿನ ಪೂರ್ವಕ್ಕಿರುವ ನಾಲ್ಕು ಕಟ್ಟೆಗಳು ನಿಜವಾಗಿಯೂ ಎಪ್ಪತ್ತಾರರವು. ಗೆರೆ ಮಧ್ಯದಲ್ಲಿರುವ ಊರಿನಲ್ಲಿ ಒಟ್ಟಿಗೆ ಬದಲಿಸುವುದು ಎಂದರೆ ಒಂದು ತಪ್ಪು ತೆಗೆದು ಇನ್ನೊಂದು ಹಾಕುವುದು. ಊರಿನ ಹೆಸರಿನ ಕಾಲಂ ಒಂದು ಕಡೆ, ಆಕೆಯ ನೋಟ್‌ಬುಕ್ ಇನ್ನೊಂದು ಕಡೆ ಇಟ್ಟುಕೊಂಡು ಒಂದೊಂದಾಗಿ ತಿದ್ದಿದೆವು. ಗೋಡೆಯ ಭೂಪಟದ ಮೇಲೆ ಇಪ್ಪತ್ತೈದು ವರ್ಷ ಕೋಲು ಇಟ್ಟು ತೋರಿಸಿದ ಗೆರೆ ಅದು. ಅದರ ಮೇಲೆ ಕಾಲಿಟ್ಟು ನಡೆದವಳು ನನ್ನ ವಿದ್ಯಾರ್ಥಿನಿ. ಆ ಮಧ್ಯಾಹ್ನ ಮನೆಗೆ ಹೋಗುವಾಗ ನನ್ನ ನಡಿಗೆಯಲ್ಲಿ ಏನೋ ಹುರುಪಿತ್ತು.

ಮೂರನೆಯದನ್ನು ಹಿಡಿದವಳೂ ಆಕೆಯೇ. ಮಾಲೇಕಲ್ಲು ಬೆಟ್ಟದ ಕಡೆಯ ಇಪ್ಪತ್ತೆರಡು ಸ್ಥಳಗಳು ಅರಸೀಕೆರೆ ಸುತ್ತಮುತ್ತಲೇ ಇದ್ದವು, ಆದರೆ ಒಂದೂ ತನ್ನ ಊರಿನಲ್ಲಿರಲಿಲ್ಲ. ಎಲ್ಲವೂ ನೈಋತ್ಯಕ್ಕೆ ಜಾರಿದ್ದವು, ಒಂದೊಂದೂ ಒಂದೊಂದು ದೂರ. ನಾನು ಉಪಕರಣ ಕೆಟ್ಟಿರಬೇಕು ಎಂದೆ. ಆಕೆ ಆ ಅಂಕಿಗಳನ್ನು ಬಹಳ ಹೊತ್ತು ದಿಟ್ಟಿಸಿದಳು.

‘ಸಾರ್, ಇದು ಬಸ್‌ಸ್ಟ್ಯಾಂಡಿನ ಟೈಂ ಬೋರ್ಡ್ ಇದ್ದಂಗೈತೆ.’

‘ಅಂದ್ರೆ?’

‘ಚುಕ್ಕೆ ಆದ್ಮೇಲೆ ಎರಡೆರಡು ಅಂಕಿ ಓದಿ. ಹದಿನೇಳು ಮೂವತ್ತು. ಹದಿನೆಂಟು ಐವತ್ತು. ಹದಿನಾರು ನಲವತ್ತೈದು. ಇಪ್ಪತ್ತೆರಡು ಸಾಲಲ್ಲಿ ಅರವತ್ತು ದಾಟಿದ್ದು ಒಂದೂ ಇಲ್ಲ.’

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ದಶಮಾಂಶದ ಅಂಕಿಗಳಾಗಿದ್ದರೆ ಅರವತ್ತರ ಮೇಲಿನ ಜೋಡಿಗಳು ಬೇಕಾದಷ್ಟು ಬರಬೇಕಿತ್ತು. ಒಂದೆರಡು ಸಾಲಿನಲ್ಲಿ ಬರದಿದ್ದರೆ ಆಕಸ್ಮಿಕ. ಇಪ್ಪತ್ತೆರಡರಲ್ಲೂ ಬರದಿದ್ದರೆ ಅವು ದಶಮಾಂಶವಲ್ಲ, ಗಡಿಯಾರದ ಹಾಗೆ ಅರವತ್ತಕ್ಕೆ ಮುಗಿಯುವ ನಿಮಿಷ ಮತ್ತು ಸೆಕೆಂಡು. ಆಕೆ ನೋಟ್‌ಬುಕ್ ತಿರುವಿದಳು. ಆ ವಾರ ಬೇಲೂರಿನ ಅಂಗಡಿಯಲ್ಲಿ ಉಪಕರಣ ರಿಪೇರಿ ಮಾಡಿಸಿದ್ದಳು; ವಾಪಸ್ ಬಂದಾಗ ಅದು ಡಿಗ್ರಿ, ನಿಮಿಷ, ಸೆಕೆಂಡು ಎಂದು ತೋರಿಸುತ್ತಿತ್ತು. ತೋರಿಸಿದ್ದನ್ನು ತೋರಿಸಿದಂತೆ, ಗುರುತುಗಳ ಸಮೇತ ಬರೆದಿದ್ದಳು. ಗುಮಾಸ್ತ ಗುರುತುಗಳನ್ನು ನುಂಗಿ ಒಂದು ಚುಕ್ಕೆ ಇಟ್ಟಿದ್ದ. ಹದಿಮೂರು ಡಿಗ್ರಿ ಹದಿನೇಳು ನಿಮಿಷ ಮೂವತ್ತು ಸೆಕೆಂಡು ಎಂಬುದು 13.1730 ಆಗಿತ್ತು. ನಿಮಿಷವನ್ನು ಅರವತ್ತರಿಂದ, ಸೆಕೆಂಡನ್ನು ಮೂರು ಸಾವಿರದ ಆರುನೂರರಿಂದ ಭಾಗಿಸಿ ಕೂಡಿದರೆ ಬರಬೇಕಾದದ್ದು 13.2917. ಅಕ್ಷಾಂಶವೊಂದರಲ್ಲೇ ಹದಿಮೂರು ಕಿಲೋಮೀಟರ್ ವ್ಯತ್ಯಾಸ.

ಪಿಎಚ್‌ಡಿ ಮಾಡಿದ ನಾನು ಉಪಕರಣವನ್ನು ದೂರಿದ್ದೆ. ಬಸ್ಸಿಗೆ ಕಾದು ಕಾದು ಬೋರ್ಡು ಓದಿದವಳು ಅಂಕಿಯ ಜಾತಿ ಹೇಳಿದ್ದಳು. ನನಗೆ ನಾಚಿಕೆಯಾಗಲಿಲ್ಲ, ನನ್ನ ಮಗಳೇ ರ‍್ಯಾಂಕ್ ಬಂದಷ್ಟು ಹೆಮ್ಮೆಯಾಯಿತು.

ಆರನೆಯ ದಿನಕ್ಕೆ ನಕ್ಷೆಯಲ್ಲಿ ಪ್ರತಿ ಸ್ಥಳವೂ ತನ್ನ ತನ್ನ ಊರಿನ ಗಡಿಯೊಳಗೆ ಬಂದು ಕೂತಿತ್ತು. ಗುಮಾಸ್ತ ಕಳಿಸಿಬಿಡೋಣ ಎಂದ. ಆಕೆ ಒಪ್ಪಲಿಲ್ಲ. ‘ಊರು ಸರಿಯಾದ್ರೆ ಸಾಲ್ದು ಕಣಪ್ಪ. ಅವ್ರು ಬಂದು ನಿಂತು ನೋಡಿದ್ರೆ ಕಾಲ್ ಕೆಳಗೆ ಕಲ್ಯಾಣಿ ಇರ್ಬೇಕು.’ ನೋಟ್‌ಬುಕ್ಕಿನಿಂದ ಆಕೆ ಒಂದೊಂದೇ ಅಂಕಿ ಗಟ್ಟಿಯಾಗಿ ಓದುವುದು, ಗುಮಾಸ್ತ ಶೀಟು ನೋಡಿ ‘ಹ್ಞೂಂ’ ಎನ್ನುವುದು, ಹೀಗೆ ಎರಡು ದಿನ ಓದಿದರು. ನಾನು ಚಹಾ ತರಿಸುತ್ತ ಕೂತಿದ್ದೆ.

ಎಂಟನೆಯ ದಿನ, ಕಣಕಟ್ಟೆ ಹೋಬಳಿಯ ಫಾರಂಗಳು.

‘ಎಪ್ಪತ್ತಾರು ಚುಕ್ಕೆ ಎರಡು ಎಂಟು ನಾಕು ಒಂದು.’

‘ಹ್ಞೂಂ’ ಬರಲಿಲ್ಲ. ‘ಅಕ್ಕ, ಇಲ್ಲಿ ಎರಡು ಎಂಟು ಒಂದು ನಾಕು ಐತೆ.’

ಕೊನೆಯ ಎರಡು ಅಂಕಿ ಹಿಂದುಮುಂದು. ಟೈಪಿಂಗಿನಲ್ಲಿ ಇದಕ್ಕಿಂತ ಸಾಮಾನ್ಯವಾದ ತಪ್ಪು ಇನ್ನೊಂದಿಲ್ಲ. ಆದರೆ ಅದು ಯಾವ ಕಟ್ಟೆ ಎಂದು ಗೊತ್ತಾದಾಗ ನಾನು ನೆಟ್ಟಗೆ ಕೂತೆ. ಅದು ನನ್ನ ತಾಯಿಯ ತವರಿನ ದಾರಿಯ ಕಟ್ಟೆ. ಚಿಕ್ಕಂದಿನಲ್ಲಿ ಪ್ರತಿ ಬೇಸಿಗೆಗೂ ಅರಸೀಕೆರೆಯಿಂದ ಎತ್ತಿನ ಗಾಡಿಯಲ್ಲಿ ಆ ದಾರಿಯಲ್ಲಿ ಹೋಗಿದ್ದೆ. ಕಟ್ಟೆ ಬಂತೆಂದರೆ ಅಜ್ಜಿಯ ಮನೆ ಬಂತೆಂದೇ ಲೆಕ್ಕ. ಆ ಭಾಗದಲ್ಲಿ ರಸ್ತೆ ಉತ್ತರಕ್ಕೆ ಸಾಗುತ್ತದೆ; ಕಟ್ಟೆ ನನ್ನ ಎಡಕ್ಕೆ, ಅಂದರೆ ಪಶ್ಚಿಮಕ್ಕೆ. ನೀರಿನ ಮೇಲೆ ಬಿದ್ದಿದ್ದ ತೆಂಗಿನ ನೆರಳು ಕೂಡ ಈಗಲೂ ಕಣ್ಣ ಮುಂದಿದೆ.

ನಕ್ಷೆ ನೋಡಿದೆವು. ಶೀಟಿನ ಹದಿನಾಲ್ಕು ರಸ್ತೆಯ ಪಶ್ಚಿಮಕ್ಕೆ, ನೋಟ್‌ಬುಕ್ಕಿನ ನಲವತ್ತೊಂದು ಪೂರ್ವಕ್ಕೆ. ನಡುವೆ ಮುನ್ನೂರು ಮೀಟರಿಗೆ ತುಸು ಕಡಿಮೆ. ಉಪಗ್ರಹದ ಚಿತ್ರದಲ್ಲಿ ಎರಡು ಕಡೆಯೂ ಬರೀ ತೆಂಗಿನ ತಲೆಗಳು.

‘ಶೀಟೇ ಸರಿ’ ಎಂದೆ. ‘ನೀನು ಬರೆಯೋವಾಗ ಅಂಕಿ ಹಿಂದುಮುಂದಾಗಿದೆ.’

ಆಕೆ ನೋಟ್‌ಬುಕ್ ಮುಚ್ಚಲಿಲ್ಲ. ‘ಇಲ್ಲ ಸಾರ್. ಪೂರ್ವಕ್ಕೇ ಐತೆ. ನಾನು ರಸ್ತೆ ದಾಟಿ ಹೋಗಿದ್ದೆ.’

‘ನಾನು ಆ ದಾರೀಲಿ ಹತ್ತು ವರ್ಷ ಓಡಾಡಿದೀನಮ್ಮ.’

‘ನಾನು ಹೋದ ಮಾರ್ಚಲ್ಲಿ ಓಡಾಡೀನಿ ಸಾರ್.’

ಗುಮಾಸ್ತ ಸದ್ದಿಲ್ಲದೆ ಎದ್ದು ಹೋಗಿ ಕಚೇರಿಯ ಬೀರುವಿನಿಂದ ಮೂಲ ಫಾರಂ ತಂದ. ಅದರಲ್ಲೂ ಆಕೆಯ ಕೈಬರಹದಲ್ಲಿ ನಲವತ್ತೊಂದು. ಆದರೆ ಆ ಎರಡು ಅಂಕಿಗಳ ನಡುವೆ ಪೆನ್ಸಿಲಿನಲ್ಲಿ ಒಂದು ಬಳುಕಿದ ಗೆರೆ ಎಳೆದಿತ್ತು: ಒಂದನ್ನು ಮೇಲಿಂದ, ಇನ್ನೊಂದನ್ನು ಕೆಳಗಿಂದ ಬಳಸುವ ಗೆರೆ. ಇವೆರಡನ್ನೂ ಅದಲುಬದಲು ಮಾಡು ಎಂದು ಅಚ್ಚಿನ ಮನೆಗೆ ಹೇಳುವ ಗುರುತು. ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದಲು ಆ ಕಾಲೇಜಿನಲ್ಲಿ ಆ ಗುರುತು ಬಳಸುತ್ತಿದ್ದವನು ಒಬ್ಬನೇ.

‘ನಿಮ್ದೇ ಮಾರ್ಕು ಸಾರ್’ ಎಂದ ಗುಮಾಸ್ತ, ನೆಲ ನೋಡುತ್ತ. ‘ಫಾರಂ ಕೊಡೋವಾಗ ಹೇಳಿದ್ರಿ. ಈ ಕಟ್ಟೆ ನನಗೆ ಗೊತ್ತು, ಹುಡುಗಿ ಕೈ ತಪ್ಪಿದೆ ಅಂತ.’

ನನಗೆ ನೆನಪಿಲ್ಲ. ಇವತ್ತಿಗೂ ಇಲ್ಲ. ಆ ಗೆರೆ ಎಳೆದದ್ದು, ಆ ಮಾತು ಆಡಿದ್ದು, ಯಾವುದೂ. ಐವತ್ತೈದು ವರ್ಷದ ಹಿಂದಿನ ತೆಂಗಿನ ನೆರಳು ನೆನಪಿದೆ, ಐದು ತಿಂಗಳ ಹಿಂದಿನ ಪೆನ್ಸಿಲ್ ನೆನಪಿಲ್ಲ. ಕಾರಣ ಬರೆಯದೆ ತಿದ್ದುವ ಹಾಗಿಲ್ಲ ಎಂದವನು ನಾನು.

ಆದರೂ ಸೋಲಲಿಲ್ಲ. ಗುರುತು ನನ್ನದೇ ಇರಬಹುದು, ಕಟ್ಟೆ ಪಶ್ಚಿಮಕ್ಕೂ ಇರಬಹುದಲ್ಲ! ‘ನಾಳೆ ಹೋಗಿ ನೋಡೋಣ’ ಎಂದೆ.

ಮರುದಿನ ಬೆಳಿಗ್ಗೆ ಕಣಕಟ್ಟೆ ಬಸ್ಸು ಹತ್ತಿ ದಾರಿಯಲ್ಲಿ ಇಳಿದೆವು. ನಾನು ಪಶ್ಚಿಮದ ತೋಟಕ್ಕೆ ನುಗ್ಗಿದೆ. ಅಲ್ಲಿ ತೆಂಗು, ಆಚೆ ರಾಗಿ ಹೊಲ, ಮತ್ತೆ ತೆಂಗು. ಆಕೆ ಕಾಯುತ್ತ ರಸ್ತೆಯಲ್ಲೇ ನಿಂತಿದ್ದಳು. ನಾನು ಹಿಂದಿರುಗಿದ ಮೇಲೆ ಎದುರಿನ ಕಾಲುದಾರಿಯಲ್ಲಿ ಮುಂದೆ ನಡೆದಳು. ನೂರಿಪ್ಪತ್ತು ಹೆಜ್ಜೆಯಾಗಿರಬೇಕು. ಕಲ್ಲು ಕಟ್ಟಿದ ದಂಡೆ, ಒಳಗೆ ಜೊಂಡು, ತಳದಲ್ಲಿ ಅಂಗೈಯಗಲ ನೀರು. ಆಕೆ ಉಪಕರಣ ಹಿಡಿದು ನಿಂತಳು. ಕೊನೆಯ ಎರಡು ಅಂಕಿ ನಲವತ್ತೆರಡು, ನಲವತ್ತು, ಆಮೇಲೆ ನಲವತ್ತೊಂದರಲ್ಲಿ ನಿಂತವು. ಅವಳು ಅದನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು, ಅಷ್ಟೇ.

ತೆಂಗಿನ ಬುಡಕ್ಕೆ ನೀರು ಬಿಡುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದರು. ನಾನು ಆಸೆಯಿಂದ ಕೇಳಿದೆ: ‘ಅಜ್ಜ, ಮೊದಲು ಗಾಡಿ ದಾರಿ ಕಟ್ಟೆಯ ಆ ಕಡೆ ಇತ್ತಲ್ವಾ?’

‘ಇಲ್ಲ ಕಣಪ್ಪ. ನಾನು ಹುಟ್ಟಿದಾಗ್ನಿಂದ ರಸ್ತೆ ಅಲ್ಲೇ ಐತೆ, ಕಟ್ಟೆ ಇಲ್ಲೇ ಐತೆ. ಯಾಕ್ಲಾ?’

ನನ್ನ ಅಜ್ಜಿಯ ಊರು, ಗಾಡಿ, ಎಡಕ್ಕೆ ಕಾಣುತ್ತಿದ್ದ ನೀರು ಎಲ್ಲ ಹೇಳಿದೆ. ಮುದುಕರು ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆಗೆ ಸರಿಸಿ ಸ್ವಲ್ಪ ಯೋಚಿಸಿದರು.

‘ಚಿಕ್ ಹುಡ್ಗ ಅಲ್ವಾ? ಗಾಡಿ ಹಿಂದ್ಗಡೆ ಕಾಲು ಇಳೇಬಿಟ್ಕಂಡು ಕುಂತಿರ್ತೀಯ. ಹಿಂದುಕ್ ಮುಖ ಮಾಡಿ ಕುಂತೋನ್ಗೆ ಎಡ ಯಾವ್ದು, ಬಲ ಯಾವ್ದು?’

ಆಕೆ ಮುಖ ಆಚೆ ತಿರುಗಿಸಿ ನಗು ತಡೆದುಕೊಂಡಳು. ಉತ್ತರಕ್ಕೆ ಹೋಗುವ ಗಾಡಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂತವನ ಎಡಗೈ ಪೂರ್ವಕ್ಕೇ ಇರುತ್ತದೆ. ವಿವರಣೆ ಎಷ್ಟು ಚೆನ್ನಾಗಿದೆಯೆಂದರೆ ಈಗ ನನ್ನ ಕಾಲುಗಳು ಗಾಡಿಯ ಹಿಂದೆ ತೂಗುತ್ತಿದ್ದದ್ದು ಕೂಡ ನೆನಪಿಗೆ ಬರುತ್ತಿದೆ. ಅದಕ್ಕೇ ಅದನ್ನೂ ನಾನು ಪೂರ್ತಿ ನಂಬುವುದಿಲ್ಲ.

ಅದೇ ಮಧ್ಯಾಹ್ನ ಕೊನೆಯ ಸಾಲು ತಿದ್ದಿದೆವು. ಗುಮಾಸ್ತ ಕಾರಣದ ಕಾಲಂನಲ್ಲಿ ಬೆರಳಿಟ್ಟು ಕೇಳಿದ: ‘ಟೈಪಿಂಗ್ ತಪ್ಪು ಅಂತ ಹಾಕ್ಲಾ ಸಾರ್? ಅಷ್ಟೊಂದ್ರಲ್ಲಿ ಇದೂ ಒಂದು. ಹೆಂಗೂ ಕೆಟ್ಟ ಹೆಸ್ರು ನಂದೈತೆ.’

‘ಹಾಕ್ಲಿ ಬಿಡಿ ಸಾರ್’ ಎಂದಳು ಆಕೆಯೂ. ‘ನಿಮ್ ಹೆಸ್ರು ಯಾಕೆ?’

ಹಾಕು ಎಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಕಾಲಂನ ಒಂದೊಂದು ಸಾಲೂ ನಿಜವಾಗಿದ್ದರೆ ಮಾತ್ರ ಆಕೆಯ ನಾಲ್ಕು ತಿಂಗಳು ನಿಜವಾಗಿ ನಿಲ್ಲುತ್ತಿತ್ತು. ಕೀಲಿಮಣೆ ನನ್ನ ಕಡೆ ಎಳೆದುಕೊಂಡು ಒಂದೇ ಬೆರಳಿನಿಂದ ಟೈಪ್ ಮಾಡಿದೆ: ‘ಸಮೀಕ್ಷಕಿ ಸರಿಯಾಗಿ ಬರೆದಿದ್ದಾರೆ. ಮಾರ್ಗದರ್ಶಕರು ತಮ್ಮ ಬಾಲ್ಯದ ನೆನಪಿನ ಆಧಾರದ ಮೇಲೆ ತಪ್ಪಾಗಿ ತಿದ್ದಿದ್ದಾರೆ. ಸ್ಥಳಕ್ಕೆ ಮತ್ತೆ ಹೋಗಿ ಪರಿಶೀಲಿಸಲಾಗಿದೆ.’

ಗಡುವಿನೊಳಗೆ ಶೀಟು ಕಳಿಸಿದೆವು. ಅದನ್ನು ನೋಡಿ ಸಂಸ್ಥೆಯಿಂದ ಇಬ್ಬರು ಬಂದರು. ಅವರೇ ಏಳು ಸ್ಥಳ ಆರಿಸಿ, ತಮ್ಮ ಉಪಕರಣ ಹಿಡಿದು, ಆಕೆಯ ಜೊತೆ ನಡೆದರು. ಏಳು ಕಡೆಯೂ ಕಾಲ ಕೆಳಗೆ ಕಲ್ಲಿನ ಮೆಟ್ಟಿಲು ಸಿಕ್ಕಿತು. ಹಿರಿಯ ಅಧಿಕಾರಿ ವಾಪಸ್ ಬಂದು ಪ್ರಯೋಗಾಲಯದಲ್ಲಿ ನೀರು ಕುಡಿಯುತ್ತ, ‘ಆ ಪತ್ರ ನಾವು ಅವಸರದಲ್ಲಿ ಬರೆದುಬಿಟ್ಟೆವು. ತಿದ್ದಿದ್ದಕ್ಕೆಲ್ಲ ಕಾರಣ ಬರೆದ ಶೀಟು ನಾನು ನೋಡಿದ್ದು ಇದೇ ಮೊದಲು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಬಾಲ್ಯದ ನೆನಪು ಅಂತ ಕಾರಣ ನೋಡಿದ್ದೂ ಇದೇ ಮೊದಲು’ ಎಂದು ನಕ್ಕರು.

ವರದಿ ಅಚ್ಚಾಗಿ ಬಂತು. ಒಳಪುಟದಲ್ಲಿ ‘ಕ್ಷೇತ್ರ ಸಮೀಕ್ಷೆ’ ಎಂಬುದರ ಮುಂದೆ ಆಕೆಯ ಹೆಸರು ಒಂದೇ. ಆ ಪುಟಕ್ಕೆ ಚೌಕಟ್ಟು ಹಾಕಿಸಿ ತಂದೆಯ ಪ್ರಮಾಣಪತ್ರದ ಪಕ್ಕ ತೂಗುಹಾಕಿದ್ದಾಳೆ. ಹಳಿಯ ಮೇಲೆ ನಡೆದವನ ಕಾಗದ, ಕಟ್ಟೆಯಿಂದ ಕಟ್ಟೆಗೆ ನಡೆದವಳ ಕಾಗದ. ನಾನು ಹೋದಾಗಲೆಲ್ಲ ಎರಡನ್ನೂ ನೋಡುತ್ತೇನೆ. ನನ್ನ ಪಿಎಚ್‌ಡಿ ಪತ್ರ ಎಲ್ಲಿದೆ ಎಂದು ನನಗೆ ಸರಿಯಾಗಿ ಗೊತ್ತಿಲ್ಲ.

ಇಷ್ಟನ್ನು ಬರೆದ ಮೇಲೆ ಆಕೆಗೇ ಓದಿ ಹೇಳಿದೆ. ಪೂರ್ತಿ ಕೇಳಿ, ಒಳಗೆ ಹೋಗಿ ನೋಟ್‌ಬುಕ್ ತಂದಳು.

‘ಚೆನ್ನಾಗೈತೆ ಸಾರ್. ಒಂದೇ ಒಂದು. ಅವತ್ತು ಕಣಕಟ್ಟೆಗೆ ಬಸ್ಸಲ್ಲಿ ಹೋಗಿರ್ಲಿಲ್ಲ ನಾವು. ಬಸ್ ತಪ್ಪೋಯ್ತು, ಆಟೋದಲ್ಲಿ ಹೋದ್ವಿ. ಬರ್ದೈತೆ ಇಲ್ಲಿ.’

ನನಗೆ ಬಸ್ಸಿನ ಕಿಟಕಿ ಕೂಡ ನೆನಪಿದೆ. ಮೇಲಿನ ವಾಕ್ಯವನ್ನು ಅಳಿಸದೆ ಹಾಗೇ ಬಿಟ್ಟಿದ್ದೇನೆ. ಆಟೋ ಎಂದು ಓದಿಕೊಳ್ಳಬೇಕು. ಆಧಾರ, ಆಕೆಯ ನೋಟ್‌ಬುಕ್.